ಪೆಟ್ಟಿಗೆಯ ಬಟ್ಟೆಗಳು ಮತ್ತು ನುಸಿಗುಳಿಗೆಯ ವಾಸನೆ

ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ ಕೆಳಗೆ ಇಳಿಯುವುದು ಮನೆಯಲ್ಲಿ ಯಾವುದಾದರೊಂದು ಕಾರ್ಯ ಒದಗಿದಾಗ. ಮದುವೆಗೆ ಅಜ್ಜಿಯ ಇಳಕಲ್ ಸೀರೆ ಬೇಕಾಗುತ್ತದೆ. ಬಾಣಂತಿಯ ಕೋಣೆಗೆ ಉಣ್ಣೆಯ ಶಾಲು ಬೇಕಾಗುತ್ತದೆ. ತೊಟ್ಟಿಲಿಗೆ ಹಾಸಲು ಹಳೆಯ ಸೀರೆಯ ಮೆತ್ತನೆಯ ಬಟ್ಟೆ ಬೇಕಾಗುತ್ತದೆ. ಮುಚ್ಚಳ ತೆರೆದೊಡನೆ ಮೂಗಿಗೆ ಅಡರುವ ವಾಸನೆಯನ್ನು ಕಳೆಯಲು ಒಬ್ಬರು ಅತ್ತರು ಚಿಮುಕಿಸುತ್ತಾರೆ, ಇನ್ನೊಬ್ಬರು ಸಾಬೂನಿನಲ್ಲಿ ನೆನೆಯಿಡುತ್ತಾರೆ, ಮತ್ತೊಬ್ಬರು ಸುಡುಬಿಸಿಲಿಗೆ ಹರವುತ್ತಾರೆ. ಮೂರರಿಂದಲೂ ಫಲ ಅಲ್ಪ. ರೇಷ್ಮೆಗೆ ಹಾನಿಯಾಗುವುದು ಮಾತ್ರ ಹೆಚ್ಚು. ವಾಸನೆ ಎಲ್ಲಿಂದ ಬಂದಿತೆಂಬುದನ್ನು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ.

ನುಸಿಗುಳಿಗೆಗೆ ನಮ್ಮಲ್ಲಿ ಡಾಂಬರುಗುಳಿಗೆಯೆಂಬ ಹೆಸರೂ ಉಂಟು. ಹೆಸರು ಯಥಾರ್ಥವಾದುದೇ, ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಎಂಬ ವಸ್ತು ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವಂಥದು. ಇದು ಘನರೂಪದಿಂದ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ಗುಳಿಗೆ ದಿನದಿನಕ್ಕೆ ಸಣ್ಣದಾಗಿ ಕೊನೆಗೆ ಕಾಣದಾಗುವುದು ಇದೇ ಕಾರಣದಿಂದ. ಹಾಗೆ ಹೋದ ಗುಳಿಗೆಯ ಒಂದು ಪಾಲು ಬಟ್ಟೆಯ ಎಳೆಗಳಲ್ಲಿಯೂ ಪೆಟ್ಟಿಗೆಯ ಒಳಮೈಯಲ್ಲಿಯೂ ಸೇರಿಕೊಂಡಿರುತ್ತದೆ. ಬಟ್ಟೆಯಿಂದ ಬರುವ ವಾಸನೆಯೆಂದರೆ ಆ ವಸ್ತುವೇ ಮತ್ತೆ ಆವಿಯಾಗಿ ಹೊರಬರುತ್ತಿರುವುದು. ಅದನ್ನು ಪರಿಮಳದಿಂದ ಮುಚ್ಚಬಹುದೇ ಹೊರತು ತೆಗೆಯಲಾಗದು. ಅದು ನೀರಿನಲ್ಲಿ ಕರಗುವುದೂ ತೀರ ಸ್ವಲ್ಪ. ಆದುದರಿಂದ ತಣ್ಣೀರಿನಲ್ಲಿ ಎಷ್ಟು ಜಾಲಿಸಿದರೂ ಬಹುಪಾಲು ಎಳೆಯಲ್ಲಿಯೇ ಉಳಿಯುತ್ತದೆ. ಬಂದ ದಾರಿಯಲ್ಲಿಯೇ, ಅಂದರೆ ಆವಿಯಾಗಿಯೇ, ಅದನ್ನು ಹೊರಗೆ ಕಳುಹಿಸಬೇಕು. ಇದಕ್ಕೆ ಬೇಕಾದವು ಹದವಾದ ಬೆಚ್ಚಗೆ, ಆಡುವ ಗಾಳಿ ಮತ್ತು ಸಾಕಷ್ಟು ದಿನಗಳು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಏಳುವ ಆವಿಗಿಂತ 40 ಡಿಗ್ರಿಯಲ್ಲಿ ಐದಾರು ಪಟ್ಟು ಹೆಚ್ಚು ಆವಿ ಏಳುತ್ತದೆ. ಬೇಸಿಗೆಯಲ್ಲಿ ವಾರದೊಳಗೆ ಆಗುವ ಕೆಲಸ ಮಳೆಗಾಲದಲ್ಲಿ ತಿಂಗಳಾದರೂ ಮುಗಿಯದಿರುವುದು ಸಹಜ.

ಒಂದು ಉದಾಹರಣೆಯನ್ನು ನೋಡೋಣ. ಪೆಟ್ಟಿಗೆಯಲ್ಲಿ ಹತ್ತು ವರ್ಷ ಇದ್ದ ಒಂದು ಇಳಕಲ್ ಸೀರೆ ಮತ್ತು ಒಂದು ಕಂಬಳಿ ಹೊರಬಂದಿವೆಯೆಂದು ಭಾವಿಸೋಣ. ಸೀರೆಯ ಒಡಲು ಹತ್ತಿಯದು, ಕೆಂಪು ಸೆರಗು ರೇಷ್ಮೆಯದು. ಮೊದಲು ಅದನ್ನು ಸುತ್ತಿಟ್ಟ ಪ್ಲಾಸ್ಟಿಕ್ ಚೀಲವನ್ನು ಎಸೆಯಬೇಕು. ಪ್ಲಾಸ್ಟಿಕ್ ನ್ಯಾಫ್ತಲೀನನ್ನು ಹೀರಿಕೊಂಡು ಬಹುಕಾಲ ಹೊರಬಿಡುತ್ತಿರುತ್ತದೆ. ಮಡಿಕೆಗಳಲ್ಲಿ ಬಿಳಿಯ ಹರಳುಗಳಿದ್ದರೆ ಮನೆಯ ಹೊರಗೆ ಮೃದುವಾಗಿ ಕೊಡವಬೇಕು. ಅನಂತರ ಪಡಸಾಲೆಯಲ್ಲಿ, ಎರಡೂ ಕಡೆಯಿಂದ ಗಾಳಿಯಾಡುವ ನೆರಳಿನಲ್ಲಿ, ಒಂದು ಬಿದಿರಿನ ಗಳುವಿಗೆ ಶುಭ್ರವಾದ ಬಿಳಿಯ ಬಟ್ಟೆ ಸುತ್ತಿ, ಅದರ ಮೇಲೆ ಸೀರೆಯನ್ನು ಒಂದೇ ಪದರವಾಗಿ ಇಳಿಬಿಡಬೇಕು. ಎರಡು ಮೂರು ಪದರ ಒಂದರ ಮೇಲೊಂದು ಬಿದ್ದರೆ ಒಳಪದರದ ಆವಿಯನ್ನು ಹೊರಪದರ ಹೀರಿಕೊಳ್ಳುತ್ತದೆ. ಪ್ರತಿದಿನ ಸೀರೆಯನ್ನು ತುಸು ಸರಿಸಿ ಗಳುವಿನ ಮೇಲಿನ ಭಾಗವನ್ನು ಬದಲಿಸುವುದು ಅವಶ್ಯ. ಇಬ್ಬನಿ ಬೀಳುವ ಮೊದಲು ಸಂಜೆ ಒಳಗೆ ತರಬೇಕು. ಆದರೆ ಮಲಗುವ ಕೋಣೆಗೆ ತರಲಾಗದು.

ನೇರ ಬಿಸಿಲು ಬೇಗ ಕೆಲಸ ಮಾಡುವುದೇನೋ ನಿಜ. ಆದರೆ ಬಿಸಿಲು ರೇಷ್ಮೆಯ ಬಣ್ಣವನ್ನು ಮಾಸಿಸಿ ಎಳೆಯನ್ನು ದುರ್ಬಲಗೊಳಿಸುತ್ತದೆ. ಹತ್ತು ವರ್ಷ ಮಡಿಸಿಟ್ಟ ಸೆರಗು ಮಡಿಕೆಯಲ್ಲಿ ಮೊದಲೇ ಸವೆದಿರುತ್ತದೆ, ಅಲ್ಲಿಯೇ ಬಿರಿಯುವುದು. ಆ ಕೆಂಪು ಸೆರಗನ್ನು ಬಿಸಿನೀರಿನಲ್ಲಿ ಅದ್ದಿದರೆ ಬಣ್ಣ ಬಿಟ್ಟು ಒಡಲಿಗೆ ಹತ್ತುವ ಅಪಾಯವಿದೆ. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಆವಿ ಒಮ್ಮೆಲೇ ಎದ್ದು ಇಸ್ತ್ರಿ ಮಾಡುವವರ ಉಸಿರಿಗೆ ಸೇರುತ್ತದೆ. ಒಲೆಯ ಹತ್ತಿರ ಒಣಹಾಕುವುದಂತೂ ಸಲ್ಲದು. ನ್ಯಾಫ್ತಲೀನ್ ಬೆಂಕಿ ಹತ್ತುವ ವಸ್ತು.

ಕಂಬಳಿಗೆ ಇದೇ ಕ್ರಮ, ದಿನಗಳು ಮಾತ್ರ ಹೆಚ್ಚು. ಒಣಹವೆಯಲ್ಲಿ ಸೀರೆಗೆ ಒಂದು ವಾರ ಸಾಕಾದರೆ ದಪ್ಪ ಕಂಬಳಿಗೆ ಎರಡು ಮೂರು ವಾರ ಹಿಡಿಯಬಹುದು. ವಾಸನೆ ಬಹುಮಟ್ಟಿಗೆ ಹೋದ ಮೇಲೆ ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ತಿಕ್ಕದೆ ಒಗೆಯಬಹುದು. ಬಿಸಿನೀರು ಮತ್ತು ಉಜ್ಜುವಿಕೆಯಿಂದ ಉಣ್ಣೆ ಕುಗ್ಗಿ ಗಂಟುಕಟ್ಟುತ್ತದೆ.

ವಾಸನೆ ಹೋಯಿತೆಂದು ತೀರ್ಮಾನಿಸುವಲ್ಲಿ ಎಲ್ಲರೂ ಎಡವುತ್ತಾರೆ. ವಾರವೆಲ್ಲ ಅದರ ನಡುವೆ ಓಡಾಡಿದವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಆದುದರಿಂದ ಬಟ್ಟೆಯನ್ನು ಬಿಗಿಯಾದ ಮುಚ್ಚಳವುಳ್ಳ ಶುಭ್ರವಾದ ಸ್ಟೀಲ್ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಹೊರಗಿನಿಂದ ಬಂದವರೊಬ್ಬರ ಕೈಯಲ್ಲಿ ಮುಚ್ಚಳ ತೆಗೆಸಬೇಕು. ಅವರು ಮುಖ ಸಿಂಡರಿಸಿದರೆ ಬಟ್ಟೆ ಮತ್ತೆ ಗಳುವಿಗೆ ಹೋಗಬೇಕಾದುದೇ.

ದೊಡ್ಡವರು ಉಡುವ ಬಟ್ಟೆಗೆ ಈ ಪರೀಕ್ಷೆ ಸಾಕು. ಹಸುಗೂಸಿನ ವಿಷಯದಲ್ಲಿ ಸಾಲದು. ಕೆಲವು ಶಿಶುಗಳ ರಕ್ತದ ಕೆಂಪುಕಣಗಳಲ್ಲಿ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಅದು ವಂಶಪಾರಂಪರ್ಯವಾಗಿ ಬರುವಂಥದು, ಗಂಡುಮಕ್ಕಳಲ್ಲಿ ಹೆಚ್ಚು, ಭಾರತದಲ್ಲಿಯೂ ಇದೆ. ಅಂಥ ಮಗುವನ್ನು ನುಸಿಗುಳಿಗೆಯ ಜೊತೆಯಿದ್ದ ಬಟ್ಟೆಯಲ್ಲಿ ಸುತ್ತಿದರೆ ಆವಿ ಉಸಿರಿನಿಂದಲೂ ಚರ್ಮದಿಂದಲೂ ಒಳಸೇರಿ ಕೆಂಪುಕಣಗಳು ಒಡೆಯತೊಡಗುತ್ತವೆ. ಕೊರತೆಯಿಲ್ಲದ ನವಜಾತ ಶಿಶುವಿಗೂ ಇದು ಬಾಧಿಸುವುದುಂಟು. ಗ್ರೀಸ್ ದೇಶದ ವೈದ್ಯರು ಇಂಥ ನವಜಾತ ಶಿಶುಗಳ ವಿವರವನ್ನು 1963ರಲ್ಲಿಯೇ ಪ್ರಕಟಿಸಿದ್ದರು. ಮೈಗೆ ಎಣ್ಣೆ ಹಚ್ಚಿದ್ದರೆ ಚರ್ಮ ಅದನ್ನು ಇನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕೂಸಿಗೆ ಎಣ್ಣೆ ತಿಕ್ಕಿ ಎರೆಯುವ ನಮ್ಮ ಮನೆಗಳು ಇದನ್ನು ಗಮನಿಸಬೇಕು. ಮಗು ಬಿಳಿಚಿಕೊಂಡರೆ, ಮೈ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಬಟ್ಟೆಯನ್ನು ತೆಗೆದು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು ಮತ್ತು ನುಸಿಗುಳಿಗೆಯ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ಕಾಮಾಲೆ ತೀವ್ರವಾದರೆ ಮಿದುಳಿಗೇ ಧಕ್ಕೆಯುಂಟಾಗಬಹುದು. ಅಜ್ಜಿಯ ಸೀರೆಯನ್ನು ತಾಯಿ ಉಟ್ಟುಕೊಳ್ಳಲಿ, ಅದೂ ವಾಸನೆ ಪೂರ್ಣವಾಗಿ ಹೋದ ಮೇಲೆ. ತೊಟ್ಟಿಲಿಗೆ ದಿನಬಳಕೆಯ, ಒಗೆದು ಒಣಗಿಸಿದ ಹತ್ತಿಯ ಬಟ್ಟೆಯೇ ಲೇಸು. ದಾನವಾಗಿ ಬಂದ ಹಳೆಯ ಹೊದಿಕೆಗಳನ್ನು ಹಂಚುವವರೂ ಈ ವಾಸನೆಯಿರುವವನ್ನು ಬೇರೆ ತೆಗೆದಿರಿಸುವುದು ಒಳಿತು.

ಮಳೆಗಾಲದಲ್ಲಿ ಕಟ್ಟಿಟ್ಟ ಬಟ್ಟೆಯ ಮುಗ್ಗಲು ವಾಸನೆಯ ಜಾತಿ ಬೇರೆ. ಅದು ತೇವದಲ್ಲಿ ಬೆಳೆದ ಬೂಷ್ಟಿನದು. ನುಸಿಗುಳಿಗೆಯ ವಾಸನೆ ತೀಕ್ಷ್ಣ. ಇದು ಒದ್ದೆ ಮಣ್ಣಿನಂತೆ ಮಂದ. ಇಲ್ಲಿ ಒಗೆತವೇ ಮುಖ್ಯ: ಹೊರಗೆ ಒಣ ಕುಂಚದಿಂದ ಬೂಷ್ಟನ್ನು ಉದುರಿಸಿ, ಹತ್ತಿಯಾದರೆ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಬಹುದು.

ಇಷ್ಟೆಲ್ಲ ಮಾಡಿ ಬಟ್ಟೆಯನ್ನು ಅದೇ ಪೆಟ್ಟಿಗೆಗೆ ಹಾಕಿದರೆ ವಾಸನೆ ಮರಳುತ್ತದೆ. ಪೆಟ್ಟಿಗೆಯೊಳಗಿನ ಹಳೆಯ ಕಾಗದವನ್ನು ಕಿತ್ತು, ಸಾಬೂನು ನೀರಿನಲ್ಲಿ ಒರಸಿ, ಮುಚ್ಚಳ ತೆರೆದು ಬಿಸಿಲಿನಲ್ಲಿ ಹಲವು ದಿನ ಇಡಬೇಕು. ಕಬ್ಬಿಣದ ಪೆಟ್ಟಿಗೆ ಬೇಗ ಶುದ್ಧವಾಗುತ್ತದೆ. ಮರದ ಪೆಟ್ಟಿಗೆ ಒಳಗಿನವರೆಗೂ ಹೀರಿರುವುದರಿಂದ ವರ್ಷಗಟ್ಟಲೆ ಹಠ ಹಿಡಿಯುತ್ತದೆ. ಹೊಸದಾಗಿ ಗುಳಿಗೆ ಹಾಕಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಬಟ್ಟೆ ತಿನ್ನುವ ಹುಳು ಬಯಸುವುದು ಉಣ್ಣೆ, ರೇಷ್ಮೆಗಳನ್ನು, ಅದರಲ್ಲಿಯೂ ಬೆವರು, ಜಿಡ್ಡು ಉಳಿದವನ್ನು. ಶುಭ್ರವಾದ ಹತ್ತಿಯ ಸೀರೆಗೆ ಗುಳಿಗೆಯ ಅಗತ್ಯವೇ ಇಲ್ಲ. ಆವಿ ದಟ್ಟವಾಗಿ ನಿಲ್ಲುವಷ್ಟು ಬಿಗಿಯಾದ ಪೆಟ್ಟಿಗೆಯಲ್ಲಿ ಮಾತ್ರ ಅದು ಹುಳುವನ್ನು ಕೊಲ್ಲಬಲ್ಲದು. ಸಂದುಬಿಟ್ಟ ಪೆಟ್ಟಿಗೆಯಲ್ಲಿ ಹಾಕಿದ ಎರಡು ಗುಳಿಗೆ ವಾಸನೆಯನ್ನಷ್ಟೇ ಕೊಡುತ್ತದೆ. ಕರ್ಪೂರವನ್ನೂ ಗುಳಿಗೆಯನ್ನೂ ಕೂಡಿಸಿ ಇಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಇವೆರಡೂ ಒಂದಕ್ಕೊಂದು ತಾಗಿದರೆ 32 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗಿ ಎಣ್ಣೆಯಂತಾಗಿ ರೇಷ್ಮೆಯ ಮೇಲೆ ಕಲೆಗಟ್ಟುತ್ತವೆ. ಉಣ್ಣೆ, ರೇಷ್ಮೆಗಳನ್ನು ಶುದ್ಧಮಾಡಿ, ಪೂರ್ಣವಾಗಿ ಒಣಗಿಸಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಮೂರು ತಿಂಗಳಿಗೊಮ್ಮೆ ಹೊರತೆಗೆದು ಗಾಳಿಗೆ ಹರವಿ ಮಡಿಕೆ ಬದಲಿಸುವ ಮನೆಯಲ್ಲಿ ಗುಳಿಗೆಯ ಅವಶ್ಯಕತೆ ಬೀಳುವುದು ಅಪರೂಪ.