ಮಗು ಯಾವ ಕೋಣೆಯಲ್ಲಿ ಮಲಗಬೇಕು?

ಕಳೆದ ವರ್ಷ ಒಂದು ಕುಟುಂಬ ನಾಲ್ಕು ತಿಂಗಳ ಗಂಡು ಮಗುವನ್ನು ಎತ್ತಿಕೊಂಡು ನನ್ನ ಕ್ಲಿನಿಕ್‌ಗೆ ಬಂದಿತ್ತು. ಮಗುವಿಗೆ ಜ್ವರವಿರಲಿಲ್ಲ, ಭೇದಿಯಿರಲಿಲ್ಲ, ತೂಕವೂ ಸರಿಯಾಗಿತ್ತು. ಬೇಕಾಗಿದ್ದದ್ದು ನಿದ್ದೆಗೆ ಔಷಧ. ತಂದೆ ಹಣ್ಣಿನ ವ್ಯಾಪಾರಿ. ಬೆಳಗಿನ ಜಾವ ಮೂರೂವರೆಗೆ ಎದ್ದು ಮಾರುಕಟ್ಟೆಗೆ ಹೋಗಬೇಕು. ಮಗು ರಾತ್ರಿ ಐದಾರು ಸಲ ಏಳುವುದರಿಂದ ಅವರಿಗೂ ನಿದ್ದೆಯಿಲ್ಲ, ತಾಯಿಗಂತೂ ಇಲ್ಲವೇ ಇಲ್ಲ. ಹೊಸ ಮನೆಯ ಮಹಡಿಯಲ್ಲಿ ಮಗುವಿಗೆಂದೇ ಒಂದು ಕೋಣೆ ಕಟ್ಟಿಸಿದ್ದರು. "ಅಲ್ಲೇ ಮಲಗಿಸಿಬಿಡೋಣ" ಎಂಬುದು ತಂದೆಯ ಮಾತು. ಜೊತೆಗೆ ಬಂದಿದ್ದ ಅಜ್ಜಿ, "ಹಸುಗೂಸನ್ನು ಒಂಟಿಯಾಗಿ ಮಹಡಿ ಮೇಲೆ ಬಿಡ್ತಾರೇನು ಡಾಕ್ಟ್ರೇ? ನನ್ನ ಪಕ್ಕ ಮಲಗಿಸಿಕೊಳ್ತೀನಿ" ಎಂದರು. ತಾಯಿ ಏನೂ ಹೇಳದೆ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ನಾನು ಔಷಧ ಕೊಡಲಿಲ್ಲ. ಶಿಶುವಿಗೆ ಮಂಪರು ಬರಿಸುವ ಯಾವ ಔಷಧವನ್ನೂ ನಿದ್ದೆಗಾಗಿ ಕೊಡಬಾರದು. ಅವರ ಪ್ರಶ್ನೆ ಮಾತ್ರ ನಿಜವಾದದ್ದು. ನಿಮ್ಮ ಮನೆಯಲ್ಲೂ ಅದು ಎದ್ದಿರಬಹುದು ಅಥವಾ ನಾಳೆ ಏಳಬಹುದು.

ಮೊದಲ ಆರು ತಿಂಗಳು

ಆರು ತಿಂಗಳೊಳಗಿನ ಮಗು ತಂದೆತಾಯಿಯರ ಕೋಣೆಯಲ್ಲೇ ಮಲಗಬೇಕು. ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲೇ ಕಾರಣ ತಿಳಿಯದೆ ಹಠಾತ್ತನೆ ಸಾಯುವುದುಂಟು. ಇದು ಅಪರೂಪ. ಆದರೆ ಇಂಥ ಸಾವುಗಳಲ್ಲಿ ಹೆಚ್ಚಿನವು ಮೊದಲ ಆರು ತಿಂಗಳಲ್ಲಿ, ಅದರಲ್ಲೂ ಒಂದರಿಂದ ನಾಲ್ಕನೇ ತಿಂಗಳ ನಡುವೆ ಸಂಭವಿಸುತ್ತವೆ. ಮಗು ತಾಯಿಯ ಕೋಣೆಯಲ್ಲಿದ್ದರೆ ಈ ಅಪಾಯ ಕಡಿಮೆ. ಮುಖದ ಮೇಲೆ ಬಟ್ಟೆ ಬಿದ್ದರೆ, ಉಸಿರಿನ ಸದ್ದು ಬದಲಾದರೆ ತಾಯಿಗೆ ಬೇಗ ತಿಳಿಯುತ್ತದೆ. ರಾತ್ರಿ ಹಾಲೂಡಿಸುವುದೂ ಸುಲಭ. ಎದೆಹಾಲು ಕುಡಿಯುವ ಮಕ್ಕಳಲ್ಲಿ ಈ ಅಪಾಯ ಮತ್ತಷ್ಟು ಕಡಿಮೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ, ಸಾಧ್ಯವಾದರೆ ಒಂದು ವರ್ಷದವರೆಗೆ, ಕನಿಷ್ಠ ಆರು ತಿಂಗಳಾದರೂ ಮಗುವನ್ನು ತಂದೆತಾಯಿಯರ ಕೋಣೆಯಲ್ಲಿ ಮಲಗಿಸಿ ಎಂದು ಹೇಳಿತ್ತು. 2022ರ ಸೂಚನೆಯಲ್ಲಿ ಕನಿಷ್ಠ ಆರು ತಿಂಗಳು ಎಂಬುದನ್ನೇ ಉಳಿಸಿಕೊಂಡಿತು. ದಿನ ತುಂಬುವ ಮೊದಲೇ ಹುಟ್ಟಿದ ಅಥವಾ ಹುಟ್ಟುವಾಗ ತೂಕ ಕಡಿಮೆಯಿದ್ದ ಮಕ್ಕಳಿಗೆ ಅಪಾಯ ಹೆಚ್ಚು. ಅಂಥ ಮಗುವನ್ನು ಇನ್ನೂ ಕೆಲವು ತಿಂಗಳು ಜೊತೆಯಲ್ಲೇ ಇಟ್ಟುಕೊಳ್ಳಿ, ಬದಲಿಸುವ ಮೊದಲು ಮಕ್ಕಳ ವೈದ್ಯರನ್ನು ಕೇಳಿ.

ಕೋಣೆ ಒಂದೇ, ಹಾಸಿಗೆ ಬೇರೆ

ನಮ್ಮ ಮನೆಗಳಲ್ಲಿ ಜೊತೆಯಲ್ಲಿ ಮಲಗಿಸುವುದೆಂದರೆ ಒಂದೇ ಹಾಸಿಗೆಯಲ್ಲಿ ಮಲಗಿಸುವುದು ಎಂದು ಅರ್ಥ. ನಾನು ಹೇಳುತ್ತಿರುವುದು ಅದಲ್ಲ. ಮಗು ಕೈಗೆಟಕುವಷ್ಟು ಹತ್ತಿರದಲ್ಲಿ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಬೇಕು. ಅದಕ್ಕೆ ದುಬಾರಿ ಮಂಚ ಬೇಕಿಲ್ಲ. ನೀವು ನೆಲದ ಮೇಲೆ ಮಲಗುವವರಾದರೆ ನಿಮ್ಮ ಹಾಸಿಗೆಯಿಂದ ಮೊಳದಷ್ಟು ದೂರದಲ್ಲಿ ಚಾಪೆ ಹಾಕಿ, ಅದರ ಮೇಲೆ ಒತ್ತಿದರೆ ಕುಳಿ ಬೀಳದ ತೆಳುವಾದ ಗಟ್ಟಿ ಹಾಸಿಗೆ ಹಾಸಿದರೆ ಸಾಕು. ಮಗುವನ್ನು ಬೆನ್ನ ಮೇಲೆ ಮಲಗಿಸಿ. ದಿಂಬು, ದಪ್ಪ ರಜಾಯಿ, ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಯಾವುದೂ ಅಲ್ಲಿ ಬೇಡ. ಕೊರಳಲ್ಲಿ ದಾರವಿದ್ದರೆ ಮಲಗಿಸುವ ಮೊದಲು ತೆಗೆಯಿರಿ, ಅದು ಕುತ್ತಿಗೆಗೆ ಬಿಗಿಯಬಹುದು. ಸೀರೆಯ ಜೋಲಿಯಲ್ಲಿ ತೂಗಿ ಮಲಗಿಸುವವರು, ನಿದ್ದೆ ಹತ್ತಿದ ಮೇಲೆ ಮಗುವನ್ನು ಸಮತಟ್ಟಾದ ಹಾಸಿಗೆಗೆ ಇಳಿಸಬೇಕು. ಜೋಲಿಯಲ್ಲಿ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ.

ಹಾಲೂಡಿಸುತ್ತಾ ತಾಯಿಗೆ ಮಂಪರು ಬರುವುದು ಸಹಜ. ಆಗ ಸೋಫಾದಲ್ಲಿ ಕೂರಬೇಡಿ, ಸೋಫಾದ ಮೇಲೆ ಮಗುವಿನೊಂದಿಗೆ ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯಕಾರಿ. ಬೀಡಿ, ಸಿಗರೇಟು ಸೇದುವವರು ಅಥವಾ ನಿದ್ದೆಯ ಮಾತ್ರೆ ನುಂಗುವವರು ಮಗುವಿನ ಪಕ್ಕ ಒಂದೇ ಹಾಸಿಗೆಯಲ್ಲಿ ಮಲಗಲೇಬಾರದು. ಮೂರು ನಾಲ್ಕು ವರ್ಷದ ಅಣ್ಣ ಅಕ್ಕಂದಿರನ್ನೂ ಶಿಶುವಿನ ಪಕ್ಕ ಮಲಗಿಸಬೇಡಿ. ಆ ಅಜ್ಜಿಯನ್ನು ವಿಚಾರಿಸಿದಾಗ ಅವರು ರಾತ್ರಿ ನಿದ್ದೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹಗಲಿಡೀ ಮೊಮ್ಮಗ ಅವರ ಮಡಿಲಲ್ಲಿರಲಿ, ರಾತ್ರಿ ಬೇಡ ಎಂದೆ. ಅವರಿಗೆ ಬೇಸರವಾಯಿತು, ಆದರೆ ಕಾರಣ ತಿಳಿದ ಮೇಲೆ ಒಪ್ಪಿದರು.

ಇಬ್ನ್ ಸೀನಾ ಹೇಳಿದ್ದು

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿಯೂ, ನಿದ್ದೆ ಮತ್ತು ಎಚ್ಚರವೂ ಅವುಗಳಲ್ಲಿ ಸೇರಿವೆ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ನವಜಾತ ಶಿಶು ಮಲಗುವ ಕೋಣೆಯ ಗಾಳಿ ಹಿತವಾಗಿರಬೇಕು, ಹೆಚ್ಚು ಬಿಸಿಯೂ ತಂಪೂ ಇರಬಾರದು, ಬೆಳಕು ಮಂದವಾಗಿರಬೇಕು ಎಂದಿದ್ದಾರೆ. ಸಾವಿರ ವರ್ಷದ ಹಿಂದಿನ ಈ ಮಾತು ಇಂದಿಗೂ ಸರಿ. ಮಗುವಿನ ಎದೆ ಅಥವಾ ಹಿಂಗುತ್ತಿಗೆ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ಮನೆಯೊಳಗೆ ಮಲಗುವಾಗ ಟೊಪ್ಪಿ ಬೇಡ. ಮಗ್ರಿಬ್ ಬಳಿಕ ಲೋಬಾನ ಹಾಕುವ ರೂಢಿಯಿದ್ದರೆ ಮಗು ಮಲಗುವ ಕೋಣೆಯನ್ನು ಬಿಟ್ಟುಬಿಡಿ. ಸೊಳ್ಳೆ ಬತ್ತಿಯ ಹೊಗೆಯ ಬದಲು ಸೊಳ್ಳೆ ಪರದೆ ಕಟ್ಟಿ.

ಅದೇ ಗ್ರಂಥದಲ್ಲಿ ಮಗುವಿನ ತಲೆ ಸ್ವಲ್ಪ ಎತ್ತರದಲ್ಲಿರಲಿ ಎಂಬ ಸಲಹೆಯೂ ಇದೆ. ಅದನ್ನು ನಾನು ಪಾಲಿಸಲು ಹೇಳುವುದಿಲ್ಲ. ಇಳಿಜಾರಿನಲ್ಲಿ ಮಗು ಜಾರಿ, ಕುತ್ತಿಗೆ ಬಾಗಿ ಉಸಿರು ಕಟ್ಟಬಹುದೆಂದು ಈಗ ತಿಳಿದಿದೆ.

ಮೂರು ರಾತ್ರಿಯ ಲೆಕ್ಕ

ಆ ತಾಯಿಗೆ ಮೂರು ರಾತ್ರಿ ಬರೆದಿಡಲು ಹೇಳಿದೆ. ಮಗು ಎಷ್ಟು ಗಂಟೆಗೆ ಎದ್ದಿತು, ಹಾಲು ಚೆನ್ನಾಗಿ ಕುಡಿಯಿತೇ, ಅದಕ್ಕೆ ಮೊದಲು ಕೋಣೆಯಲ್ಲಿ ಏನಾಯಿತು, ಇಷ್ಟೇ. ಪುಟ ನೋಡಿದಾಗ ವಿಷಯ ತಿಳಿಯಿತು. ರಾತ್ರಿ ಹನ್ನೊಂದೂವರೆಗೆ ಮತ್ತು ಎರಡು ಗಂಟೆಯ ಸುಮಾರಿಗೆ ಮಗು ಹಸಿದು ಎದ್ದು ಹೊಟ್ಟೆ ತುಂಬ ಕುಡಿಯುತ್ತಿತ್ತು. ನಾಲ್ಕು ತಿಂಗಳ ಮಗುವಿಗೆ ಇದು ಸಹಜ. ಮೂರೂವರೆಗೆ ಏಳುತ್ತಿದ್ದುದು ತಂದೆಯ ಮೊಬೈಲಿನ ಅಲಾರಂ ಮತ್ತು ಟ್ಯೂಬ್‌ಲೈಟಿನಿಂದ. ಉಳಿದ ಎರಡು ಮೂರು ಸಲ ಮಗು ಕಣ್ಣು ಮುಚ್ಚಿಯೇ ಮುಲುಗುತ್ತಿತ್ತು. ತಾಯಿ ತಕ್ಷಣ ಎತ್ತಿಕೊಳ್ಳುತ್ತಿದ್ದರು, ಅದರಿಂದಲೇ ಅದಕ್ಕೆ ಪೂರ್ಣ ಎಚ್ಚರವಾಗುತ್ತಿತ್ತು.

ಹೀಗಾಗಿ ಕೋಣೆಯನ್ನು ಬದಲಿಸದೆ ಕೋಣೆಯೊಳಗಿನ ಕ್ರಮವನ್ನು ಬದಲಿಸಿದೆವು. ಅಲಾರಂ ಕಂಪನಕ್ಕೆ ಬಂತು, ತಂದೆಯ ಬಟ್ಟೆ ಹಿಂದಿನ ರಾತ್ರಿಯೇ ಹಾಲ್‌ಗೆ ಹೋಯಿತು, ಟ್ಯೂಬ್‌ಲೈಟಿನ ಬದಲು ಮಂದ ದೀಪ ಬಂತು. ಮಗುವಿನ ಹಾಸಿಗೆ ತಂದೆಯ ಬದಿಯಿಂದ ತಾಯಿಯ ಬದಿಗೆ ಬಂತು. ಮಗು ಮುಲುಗಿದರೆ ನೋಡಿ, ಒಂದೆರಡು ನಿಮಿಷ ಕಾದು, ಅತ್ತರೆ ಮಾತ್ರ ಎತ್ತಿಕೊಳ್ಳಲು ಹೇಳಿದೆ. ಹತ್ತು ದಿನದ ಬಳಿಕ ಮಗು ಏಳುವುದು ಮೂರು ಸಲಕ್ಕೆ ಇಳಿದಿತ್ತು.

ಬೇರೆ ಕೋಣೆ ಯಾವಾಗ?

ಆರು ತಿಂಗಳು ದಾಟಿದ ದಿನವೇ ಬೇರೆ ಮಾಡಬೇಕೆಂದೇನೂ ಇಲ್ಲ. ಇರುವುದು ಒಂದೇ ಕೋಣೆಯಾದರೆ ವರ್ಷ ಎರಡು ವರ್ಷ ಜೊತೆಯಲ್ಲೇ ಇದ್ದರೂ ಮಗುವಿಗೆ ಕೆಡುಕಿಲ್ಲ. ಕೋಣೆಯಿದ್ದು, ಬದಲಾಯಿಸುವ ಮನಸ್ಸಿದ್ದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಮಗುವಿಗೆ ಆರು ತಿಂಗಳು ತುಂಬಿ, ತೂಕ ಸರಿಯಾಗಿ ಏರುತ್ತಿದೆಯೇ? ರಾತ್ರಿಯ ಹಾಲು ಒಂದೆರಡು ಸಲಕ್ಕೆ ಇಳಿದಿದೆಯೇ? ಫ್ಯಾನ್ ತಿರುಗುತ್ತಿರುವಾಗ ಆ ಕೋಣೆಯಲ್ಲಿ ಒಬ್ಬರು ಮೆಲ್ಲಗೆ ಕೆಮ್ಮಿದರೆ ನಿಮ್ಮ ಹಾಸಿಗೆಗೆ ಕೇಳಿಸುತ್ತದೆಯೇ? ಮಗು ನಿಂತು ಕೈ ಚಾಚಿದರೆ ಸಿಗುವಂತೆ ಪ್ಲಗ್, ಪರದೆಯ ದಾರ, ಗ್ರಿಲ್ ಇಲ್ಲದ ಕಿಟಕಿ ಅಲ್ಲಿ ಇಲ್ಲವಷ್ಟೇ? ಒಂದಕ್ಕೆ ಉತ್ತರ ಸರಿಯಿಲ್ಲದಿದ್ದರೂ ಕಾಯಿರಿ.

ಎಂಟರಿಂದ ಹನ್ನೊಂದು ತಿಂಗಳ ನಡುವೆ ಹೆಚ್ಚಿನ ಮಕ್ಕಳು ತಾಯಿ ಕಣ್ಮರೆಯಾದರೆ ಅಳುತ್ತಾರೆ. ಆಗ ಕೋಣೆ ಬದಲಿಸುವುದು ಕಷ್ಟ. ಅದಕ್ಕೆ ಮೊದಲು ಅಥವಾ ವರ್ಷ ತುಂಬಿದ ಮೇಲೆ ಬದಲಿಸುವುದು ಸುಲಭ. ಜ್ವರ, ಲಸಿಕೆಯ ವಾರ, ಪ್ರಯಾಣ, ಹೊಸ ಮಗುವಿನ ಹೆರಿಗೆ, ಈ ಸಮಯವೂ ಬೇಡ. ರಮಝಾನ್‌ನಲ್ಲೂ ಬೇಡ. ಸಹರಿಗೆ ಇಡೀ ಮನೆ ಎದ್ದಿರುವಾಗ ಹೊಸ ಕೋಣೆಯ ರೂಢಿ ಕೂಡಿಬರುವುದಿಲ್ಲ.

ಬದಲಿಸುವಾಗ ಒಂದು ವಾರ ಹಗಲಿನ ನಿದ್ದೆಯನ್ನು ಮಾತ್ರ ಅಲ್ಲಿ ಮಾಡಿಸಿ. ಹಾಸಿಗೆ, ಹೊದಿಕೆಬಟ್ಟೆ ಹಳೆಯವೇ ಇರಲಿ. ರಾತ್ರಿಯ ಕ್ರಮವೂ ಅದೇ ಇರಲಿ: ಹಾಲು, ಬಟ್ಟೆ ಬದಲಾವಣೆ, ದೀಪ ಮಂದ, ದುಆ, ಹಾಸಿಗೆ. ಮೊದಲ ಕೆಲವು ರಾತ್ರಿ ಒಬ್ಬರು ಅದೇ ಕೋಣೆಯ ನೆಲದಲ್ಲಿ ಮಲಗಿ, ಬಳಿಕ ಬಾಗಿಲು ತೆರೆದಿಟ್ಟು ಹೊರಬನ್ನಿ. ಎರಡು ವಾರವಾದರೂ ಮಗು ಹಿಂದಿಗಿಂತ ಹೆಚ್ಚು ಏಳುತ್ತಿದ್ದರೆ, ಹಾಲು ಕಡಿಮೆಯಾದರೆ ಹಿಂದಕ್ಕೆ ಕರೆತನ್ನಿ, ಒಂದೆರಡು ತಿಂಗಳ ಬಳಿಕ ಮತ್ತೆ ನೋಡಿ. ಕೆಮ್ಮು, ಜ್ವರ ಬಂದ ರಾತ್ರಿ ಮಗು ನಿಮ್ಮ ಕೋಣೆಯಲ್ಲಿರಲಿ. ಪ್ರತಿ ರಾತ್ರಿ ಗೊರಕೆ, ಉಸಿರು ನಿಂತು ನಿಂತು ಬರುವುದು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ದೀನ್ ಈ ವಿಷಯದಲ್ಲಿ ಅವಸರ ಮಾಡಿಸುವುದಿಲ್ಲ. ಕುರ್‌ಆನ್ ಎದೆಹಾಲಿನ ಪೂರ್ಣ ಅವಧಿಯನ್ನು ಎರಡು ವರ್ಷ ಎಂದಿದೆ. ಸೂರಃ ಅನ್ನೂರ್‌ನಲ್ಲಿ ಫಜ್ರ್‌ಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯ ವೇಳೆ, ಇಶಾ ಬಳಿಕ ಪ್ರಾಯಕ್ಕೆ ಬರದ ಮಕ್ಕಳೂ ಅನುಮತಿ ಕೇಳಿ ಒಳಬರಬೇಕೆಂಬ ಆದೇಶವಿದೆ. ಅದು ತಿಳಿವಳಿಕೆ ಬಂದ ಮಕ್ಕಳ ಮಾತು. ಅಂದರೆ ಆ ವಯಸ್ಸಿನೊಳಗೆ ಮಗುವಿಗೆ ತನ್ನದೇ ಮಲಗುವ ಜಾಗ ರೂಢಿಯಾಗಿದ್ದರೆ ಒಳ್ಳೆಯದು. ಹಾಲು ಕುಡಿಯುವ ಕೂಸನ್ನು ದೂರ ಮಾಡಲು ಅದು ಕಾರಣವಲ್ಲ.

ಆ ಕುಟುಂಬ ಎಂಟನೇ ತಿಂಗಳಲ್ಲಿ ಮತ್ತೆ ಬಂದಿತ್ತು. ಆಗ ರಮಝಾನ್ ಎದುರಿಗಿತ್ತು, ಮುಂದೆ ಒಂಬತ್ತನೇ ತಿಂಗಳ ಲಸಿಕೆ ಇತ್ತು, ಮಗು ತಾಯಿಯ ಸೆರಗು ಬಿಡುತ್ತಿರಲಿಲ್ಲ. ಕಾಯಲು ಹೇಳಿದೆ. ಹದಿಮೂರನೇ ತಿಂಗಳಲ್ಲಿ ಮಗು ಬೇರೆ ಕೋಣೆಗೆ ಹೋಯಿತು. ಅದು ಮಹಡಿಯ ಕೋಣೆಯಲ್ಲ, ತಾಯಿಯ ಕೋಣೆಗೆ ತಾಗಿದ್ದ ಚಿಕ್ಕ ಕೋಣೆ. ಕೆಮ್ಮಿನ ಪರೀಕ್ಷೆ ಮಾಡಿ ಆರಿಸಿದವರು ಅಜ್ಜಿಯೇ. ಮಹಡಿಯ ಕೋಣೆಯಿಂದ ಅವರು ಕೆಮ್ಮಿದ್ದು ಕೆಳಗೆ ಯಾರಿಗೂ ಕೇಳಿಸಿರಲಿಲ್ಲ.