ಪಾತ್ರದ ಬೆನ್ನು ಹತ್ತಿದ ಕ್ಯಾಮೆರಾ ನಡುಗುವುದೇಕೆ?

ಪಕ್ಕದಿಂದ ನೋಡುವ ಓಟದ ಗೇಮ್ ಒಂದನ್ನು ತೆಗೆದುಕೊಳ್ಳೋಣ. ಪಾತ್ರ ಎಡದಿಂದ ಬಲಕ್ಕೆ ಓಡುತ್ತದೆ, ಹಳ್ಳ ಬಂದರೆ ಹಾರುತ್ತದೆ. ಅದು ಮುಂದೆ ಹೋದಂತೆಲ್ಲ ಗುಡ್ಡ, ಮರ, ಇಟ್ಟಿಗೆ ಗೋಡೆಗಳು ಹಿಂದಕ್ಕೆ ಸರಿಯುತ್ತವೆ. ಹಾಗೆ ಸರಿಯುವಂತೆ ಮಾಡುವುದು ಪಾತ್ರದ ಜೊತೆಗೆ ಸಾಗುವ ಕ್ಯಾಮೆರಾ. ಅದು ಸರಿಯಾಗಿದ್ದರೆ ಆಡುವವರಿಗೆ ಕ್ಯಾಮೆರಾ ಅನ್ನುವುದೊಂದು ಇದೆ ಎಂಬುದೇ ತಿಳಿಯುವುದಿಲ್ಲ. ಕೆಟ್ಟಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕಣ್ಣು ಸೋಲುತ್ತದೆ, ಕೆಲವರಿಗೆ ತಲೆಯೂ ಸುತ್ತುತ್ತದೆ.

ಕೆಡುವ ಬಗೆ ಮೂರು: ಚಿತ್ರ ಸಣ್ಣಗೆ ಅದುರುವುದು, ಕ್ಯಾಮೆರಾ ಪಾತ್ರಕ್ಕಿಂತ ಹಿಂದೆ ಬೀಳುವುದು, ಇದ್ದಕ್ಕಿದ್ದಂತೆ ನೆಗೆಯುವುದು. ಗೇಮ್ ಮಾಡಲು ಈಗಷ್ಟೇ ಕಲಿಯುತ್ತಿರುವವರು ಮೂರಕ್ಕೂ ಒಂದೇ ಮದ್ದು ಅರೆಯುತ್ತಾರೆ. ಕ್ಯಾಮೆರಾದ ಚಲನೆಯನ್ನು ಇನ್ನೂ ನಿಧಾನ, ಇನ್ನೂ ನಯ ಮಾಡುತ್ತ ಹೋಗುತ್ತಾರೆ. ಅದುರುವಿಕೆ ಅದರಿಂದ ಹೋಗುವುದಿಲ್ಲ, ಹಿಂದೆ ಬೀಳುವುದು ಮಾತ್ರ ಹೆಚ್ಚುತ್ತದೆ. ಅದುರುವಿಕೆಯ ಬೇರು ಬಹುಪಾಲು ಸಲ ಬೇರೆ ಕಡೆ ಇರುವುದೇ ಇದಕ್ಕೆ ಕಾರಣ.

ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಇದು ಹೇಗೆ ನಡೆಯುತ್ತದೆಂದು ನೋಡೋಣ. ಅದರೊಳಗೆ ಎರಡು ಗಡಿಯಾರಗಳು ಓಡುತ್ತಿರುತ್ತವೆ. ಡಿಕ್ಕಿ, ಗುರುತ್ವ, ವೇಗಗಳನ್ನು ಲೆಕ್ಕ ಹಾಕುವ ಭೌತಿಕ ಭಾಗ, ನಾವು ಬದಲಿಸದಿದ್ದರೆ, 0.02 ಸೆಕೆಂಡಿಗೆ ಒಮ್ಮೆ, ಅಂದರೆ ಸೆಕೆಂಡಿಗೆ 50 ಸಲ ನಡೆಯುತ್ತದೆ. ಪರದೆಯ ಮೇಲೆ ಚಿತ್ರ ಬರೆಯುವ ಕೆಲಸ ಪರದೆಯ ವೇಗಕ್ಕೆ ತಕ್ಕಂತೆ ನಡೆಯುತ್ತದೆ. ಸಾಮಾನ್ಯ ಪರದೆಯಲ್ಲಿ ಅದು ಸೆಕೆಂಡಿಗೆ 60 ಫ್ರೇಮ್. ಪಾತ್ರದ ಜಾಗ ಬದಲಾಗುವುದು ಮೊದಲನೆಯ ಗಡಿಯಾರದ ಮೇಲೆ, ಅದು ನಮಗೆ ಕಾಣುವುದು ಎರಡನೆಯದರ ಮೇಲೆ.

ಪಾತ್ರ ಸೆಕೆಂಡಿಗೆ 300 ಪಿಕ್ಸೆಲ್ ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಭೌತಿಕ ಲೆಕ್ಕದ ಒಂದೊಂದು ಹೆಜ್ಜೆಗೆ ಅದು 6 ಪಿಕ್ಸೆಲ್ ಸರಿಯುತ್ತದೆ. ಕಣ್ಣಿಗೆ ಹಿತವಾಗಿ ಕಾಣಬೇಕಾದರೆ ಪ್ರತಿ ಫ್ರೇಮಿಗೆ 5 ಪಿಕ್ಸೆಲ್ ಸರಿಯಬೇಕು. ಆದರೆ ಆರು ಫ್ರೇಮ್ ಕಳೆಯುವಷ್ಟರಲ್ಲಿ ಭೌತಿಕ ಹೆಜ್ಜೆ ಬೀಳುವುದು ಐದೇ. ಹಾಗಾಗಿ ಪರದೆಯಲ್ಲಿ ಪಾತ್ರ 6, 6, 6, 6, 6 ಪಿಕ್ಸೆಲ್ ಸರಿದು, ಆರನೆಯ ಫ್ರೇಮಿನಲ್ಲಿ ನಿಂತೇ ಬಿಡುತ್ತದೆ. ಈ ನಿಲುಗಡೆ ಸೆಕೆಂಡಿಗೆ ಹತ್ತು ಸಲ ಬರುತ್ತದೆ. ಮನುಷ್ಯನ ಕಣ್ಣು ಇದನ್ನು ಬಿಡಿಬಿಡಿಯಾಗಿ ಎಣಿಸಲಾರದು, ಆದರೆ ಏನೋ ನಡುಗುತ್ತಿದೆ ಎಂದು ಖಂಡಿತ ಗುರುತಿಸುತ್ತದೆ.

ಏನು ನಡುಗುತ್ತದೆ ಎನ್ನುವುದೇ ರೋಗ ಪತ್ತೆಯ ಮೊದಲ ಗುರುತು. ಕ್ಯಾಮೆರಾವನ್ನು ಪಾತ್ರಕ್ಕೆ ಬಿಗಿಯಾಗಿ ಕಟ್ಟಿದ್ದರೆ ಪಾತ್ರ ಪರದೆಯ ನಡುವೆ ಕದಲದೆ ನಿಂತಿರುತ್ತದೆ, ಹಿನ್ನೆಲೆ ತಡೆತಡೆದು ಸಾಗುತ್ತದೆ. ಕ್ಯಾಮೆರಾ ಪ್ರತಿ ಫ್ರೇಮಿಗೂ ನಯವಾಗಿ ಹಿಂಬಾಲಿಸುವಂತಿದ್ದರೆ ಚಿತ್ರ ತಿರುವುಮುರುವು. ಹಿನ್ನೆಲೆ ಹೆಚ್ಚುಕಡಿಮೆ ಸರಾಗವಾಗಿ ಹರಿಯುತ್ತದೆ, ಪಾತ್ರದ ಅಂಚು ಮಾತ್ರ ಮಸುಕಾಗಿ ಅದುರುತ್ತದೆ. ಕ್ಯಾಮೆರಾ ಫ್ರೇಮಿಗೆ ಸುಮಾರು 5 ಪಿಕ್ಸೆಲ್ ಹೋಗುತ್ತಿರುವಾಗ ಪಾತ್ರ ಐದು ಫ್ರೇಮ್ ಕಾಲ ಒಂದೊಂದು ಪಿಕ್ಸೆಲ್ ಮುಂದೆ ಸರಿದು, ಆರನೆಯದರಲ್ಲಿ ಐದು ಪಿಕ್ಸೆಲ್ ಹಿಂದಕ್ಕೆ ಎಳೆದಂತಾಗುತ್ತದೆ.

ಇದಕ್ಕೆ ಹಲವರು ಕಂಡುಕೊಳ್ಳುವ ಉಪಾಯ, ಕ್ಯಾಮೆರಾವನ್ನೂ ಭೌತಿಕ ಗಡಿಯಾರಕ್ಕೇ ಸೇರಿಸುವುದು. ಆಗ ಪಾತ್ರ ಮತ್ತು ಕ್ಯಾಮೆರಾ ಒಟ್ಟಿಗೆ ಹೆಜ್ಜೆ ಹಾಕುತ್ತವೆ, ಪಾತ್ರದ ನಡುಕ ನಿಲ್ಲುತ್ತದೆ. ಆದರೆ ಇಡೀ ಲೋಕವೇ ಸೆಕೆಂಡಿಗೆ 50 ಸಲ ಮಾತ್ರ ಸರಿಯತೊಡಗುತ್ತದೆ. ಭೌತಿಕ ಲೆಕ್ಕವನ್ನೇ 60ಕ್ಕೆ ಏರಿಸಿದರೆ ನಿಮ್ಮ ಪರದೆಯಲ್ಲಿ ಬಹುಮಟ್ಟಿಗೆ ಸರಿಹೋಗಬಹುದು, 144 ಫ್ರೇಮಿನ ಪರದೆ ಇರುವವರ ಮನೆಯಲ್ಲಿ ಅದೇ ನಡುಕ ಮತ್ತೆ ಹಾಜರು.

ಸರಿಯಾದ ದಾರಿ ಇಂಟರ್‌ಪೊಲೇಷನ್. ಅಂದರೆ ಕೊನೆಯ ಎರಡು ಭೌತಿಕ ಹೆಜ್ಜೆಗಳ ನಡುವೆ ಈ ಫ್ರೇಮಿನ ಸಮಯಕ್ಕೆ ಪಾತ್ರ ಎಲ್ಲಿರಬೇಕಿತ್ತೋ ಆ ಜಾಗದಲ್ಲಿ ಅದನ್ನು ಬರೆಯುವುದು. ಆಗ ಪ್ರತಿ ಫ್ರೇಮಿಗೂ 5 ಪಿಕ್ಸೆಲ್ ಸಿಗುತ್ತದೆ. ಯೂನಿಟಿಯಲ್ಲಿ ಪಾತ್ರದ `Rigidbody2D` ಒಳಗೆ `Interpolate` ಎಂಬ ಆಯ್ಕೆ ಇದೆ. ಮೊದಲಿಗೆ ಅದು `None` ಆಗಿರುತ್ತದೆ, ನಾವೇ ಬದಲಿಸಬೇಕು. ಗೊಡೋ ಎಂಜಿನ್ ಬಳಸುವವರಿಗೆ ಎರಡು ಆಯಾಮದ ಆಟಗಳಲ್ಲಿ ಈ ಸೌಲಭ್ಯ 2024ರ 4.3 ಆವೃತ್ತಿಯಿಂದ ಸಿಕ್ಕಿದೆ. ಕಾಣುವ ಪಾತ್ರ ಹೆಚ್ಚೆಂದರೆ ಒಂದು ಭೌತಿಕ ಹೆಜ್ಜೆಯಷ್ಟು, ಅಂದರೆ 0.02 ಸೆಕೆಂಡು ಹಳೆಯದಾಗಿರುತ್ತದೆ, ಅದೇ ಇದರ ಬೆಲೆ. ಓಟದ ಆಟದಲ್ಲಿ ಇಷ್ಟು ತೆತ್ತರೆ ನಷ್ಟವಿಲ್ಲ.

ಒಂದು ಎಚ್ಚರ ಬೇಕು. ಪಾತ್ರವನ್ನು `transform.position` ಬರೆದು ನೇರವಾಗಿ ಸರಿಸಿದರೆ ಇಂಟರ್‌ಪೊಲೇಷನ್ ಮುರಿದು ಬೀಳುತ್ತದೆ. ವೇಗದ ಮೂಲಕವೋ `MovePosition` ಮೂಲಕವೋ `FixedUpdate` ಒಳಗೇ ಸರಿಸಬೇಕು. ಕ್ಯಾಮೆರಾದ ಸರದಿ ಎಲ್ಲ ಮುಗಿದ ಮೇಲೆ, `LateUpdate` ಒಳಗೆ. ಪಾತ್ರ ಸರಿಯುವ ಮೊದಲೇ ಕ್ಯಾಮೆರಾ ಸರಿದರೆ ಅದು ಹಿಂಬಾಲಿಸುವುದು ಹಿಂದಿನ ಫ್ರೇಮಿನ ಪಾತ್ರವನ್ನು.

ಗಡಿಯಾರಗಳ ತಕರಾರು ಮುಗಿದ ಮೇಲಷ್ಟೇ ನಯದ ಮಾತು. ಎಲ್ಲರೂ ಮೊದಲು ಬರೆಯುವುದು, ಕ್ಯಾಮೆರಾ ಮತ್ತು ಪಾತ್ರದ ನಡುವಿನ ದೂರದಲ್ಲಿ ಪ್ರತಿ ಫ್ರೇಮಿಗೆ ಹತ್ತನೆಯ ಒಂದು ಪಾಲು ಕಡಿಮೆ ಮಾಡು ಎಂಬ ಸಾಲು. ಉಳಿದ ಸಾಲದಲ್ಲಿ ಪ್ರತಿ ಕಂತಿಗೂ ಹತ್ತನೇ ಒಂದು ಭಾಗ ತೀರಿಸಿದ ಹಾಗೆ ಇದು. ಮೊದಲು ಬೇಗ ಇಳಿಯುತ್ತದೆ, ಕೊನೆಕೊನೆಗೆ ಮೆಲ್ಲಗೆ. ಓಡುತ್ತಿರುವ ಪಾತ್ರವಂತೂ ಪ್ರತಿ ಕಂತಿನ ಜೊತೆಗೆ ಹೊಸ ಸಾಲ ಮಾಡುತ್ತಲೇ ಇರುತ್ತದೆ. ಆದ್ದರಿಂದ ದೂರ ಸೊನ್ನೆಗೆ ಇಳಿಯುವುದೇ ಇಲ್ಲ, ಒಂದು ಮೊತ್ತಕ್ಕೆ ಬಂದು ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ, 60 ಫ್ರೇಮಿನ ಪರದೆಯಲ್ಲಿ, ಆ ಮೊತ್ತ 45 ಪಿಕ್ಸೆಲ್. ಅದೇ ಸಾಲು 30 ಫ್ರೇಮಿನ ಹಳೆಯ ಫೋನಿನಲ್ಲಿ ಓಡಿದರೆ ಕ್ಯಾಮೆರಾ 90 ಪಿಕ್ಸೆಲ್ ಹಿಂದೆ ಬೀಳುತ್ತದೆ, 144 ಫ್ರೇಮಿನ ಪರದೆಯಲ್ಲಿ ಬರೀ 19. ಕಂತುಗಳ ಸಂಖ್ಯೆ ಬದಲಾದಾಗ ಆಟದ ಸ್ವಭಾವವೇ ಬದಲಾಯಿತು. ಫ್ರೇಮ್ ವೇಗ ಆಟದ ನಡುವೆ ಏರಿಳಿದರೆ ಆ ದೂರವೂ ಏರಿಳಿದು, ಈಗಷ್ಟೇ ಓಡಿಸಿದ ನಡುಕ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ.

ಪಾಲನ್ನು ಫ್ರೇಮಿನ ಬದಲು ಸಮಯದ ಲೆಕ್ಕದಲ್ಲಿ ಹೇಳುವುದು ಇದಕ್ಕೆ ಪರಿಹಾರ:

```csharp
void LateUpdate() {
    float t = 1f - Mathf.Exp(-k * Time.deltaTime);
    Vector3 p = transform.position;
    p.x = Mathf.Lerp(p.x, targetX, t);
    transform.position = p;
}
```

ಇಲ್ಲಿ `Time.deltaTime` ಎಂದರೆ ಹಿಂದಿನ ಫ್ರೇಮಿನಿಂದ ಕಳೆದ ಸಮಯ, `targetX` ಕ್ಯಾಮೆರಾ ಸೇರಬೇಕಾದ ಗುರಿ. `k` ದೊಡ್ಡದಾದಷ್ಟೂ ಕ್ಯಾಮೆರಾ ಬಿರುಸು. 60 ಫ್ರೇಮಿನಲ್ಲಿ ಹತ್ತನೇ ಒಂದು ಪಾಲಿಗೆ ಸಮನಾಗುವ `k` ಸುಮಾರು 6.3. ಈಗ ಅದೇ ಪಾತ್ರವನ್ನು ಅದೇ ಮೂರು ಪರದೆಗಳಲ್ಲಿ ಓಡಿಸಿದರೆ ಹಿಂದೆ ಬೀಳುವ ದೂರ ಸುಮಾರು 43, 45, 46 ಪಿಕ್ಸೆಲ್. 90ಕ್ಕೂ 19ಕ್ಕೂ ಇದ್ದ ಅಂತರ ಎಲ್ಲಿ, ಇದೆಲ್ಲಿ!

ಆದರೂ ಆ 45 ಪಿಕ್ಸೆಲ್ ಉಳಿದೇ ಇದೆ. ಅದು ತಪ್ಪು ಕಡೆ ಇರುವುದೇ ನನ್ನ ದೊಡ್ಡ ತಕರಾರು. ಬಲಕ್ಕೆ ಓಡುವ ಪಾತ್ರ ನಡುವಿನಿಂದ ಬಲಕ್ಕೇ ಸರಿದಿರುತ್ತದೆ, ಅಂದರೆ ಎದುರಿನ ಹಳ್ಳ ನೋಡಲು ಬೇಕಾದ ಜಾಗವನ್ನೇ ಕ್ಯಾಮೆರಾ ಕಿತ್ತುಕೊಂಡಿರುತ್ತದೆ. `k` ಹೆಚ್ಚಿಸಿದರೆ ದೂರ ಕಡಿಮೆಯಾಗುತ್ತದೆ, ಜೊತೆಗೆ ನಯವೂ ಹೋಗುತ್ತದೆ. `k` ಹಾಗೇ ಬಿಟ್ಟು ಗುರಿಯನ್ನೇ ಪಾತ್ರಕ್ಕಿಂತ ಮುಂದೆ ಇಡುವುದು ಜಾಣತನ. ವೇಗವನ್ನು `k`ಯಿಂದ ಭಾಗಿಸಿದಷ್ಟು, ಇಲ್ಲಿ ಸುಮಾರು 47 ಪಿಕ್ಸೆಲ್, ಮುಂದಿಟ್ಟರೆ ಹಿಂದೆ ಬಿದ್ದದ್ದು ಸರಿಸಮವಾಗುತ್ತದೆ. ಅದರ ಮೇಲೆ ಇನ್ನೊಂದು ನೂರು ಸೇರಿಸಿ 150 ಎಂದಿಟ್ಟುಕೊಂಡರೆ ಮುಂದಿನ ದಾರಿ ಧಾರಾಳವಾಗಿ ಕಾಣುತ್ತದೆ.

ಈ ಮುನ್ನೋಟವೇ ಹೊಸ ನೆಗೆತಕ್ಕೆ ದಾರಿ ಮಾಡಬಲ್ಲದು. ಆಟಗಾರ ತಟ್ಟನೆ ಎಡಕ್ಕೆ ತಿರುಗಿದರೆ ಗುರಿ 150 ಬಲದಿಂದ 150 ಎಡಕ್ಕೆ, ಒಂದೇ ಫ್ರೇಮಿನಲ್ಲಿ 300 ಪಿಕ್ಸೆಲ್ ಹಾರುತ್ತದೆ. ಶತ್ರುವಿನ ಎದುರು ಎಡಬಲ ತುಯ್ದಾಡುವಾಗ ಪರದೆ ಉಯ್ಯಾಲೆಯಂತೆ ತೂಗುತ್ತದೆ. ಹಾಗಾಗಿ ಮುನ್ನೋಟಕ್ಕೂ ಒಂದು ಮಿತಿ ಬೇಕು. `Mathf.MoveTowards` ಬಳಸಿ ಅದು ಸೆಕೆಂಡಿಗೆ 200 ಪಿಕ್ಸೆಲ್‌ಗಿಂತ ಬೇಗ ಬದಲಾಗದಂತೆ ಕಟ್ಟಿಹಾಕಿದರೆ ಪೂರ್ತಿ ತಿರುಗಲು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಕ್ಷಣಕಾಲ ಎಡಕ್ಕೆ ಹೊರಳಿ ಮತ್ತೆ ಬಲಕ್ಕೆ ಬಂದವರಿಗೆ ಪರದೆ ಅಲುಗಿದ್ದೇ ಗೊತ್ತಾಗುವುದಿಲ್ಲ.

ಮೇಲೆ-ಕೆಳಗಿನ ಚಲನೆಗೆ ಬೇರೆ ನ್ಯಾಯ. ಪಾತ್ರ ಹಾರಿದಾಗಲೆಲ್ಲ ಕ್ಯಾಮೆರಾವೂ ಏರಿಳಿದರೆ ಎಷ್ಟು ನಯವಾಗಿದ್ದರೂ ಕಿರಿಕಿರಿಯೇ. ಇತಾಯ್ ಕೆರೆನ್ ಎಂಬ ಗೇಮ್ ನಿರ್ಮಾಪಕರು 2015ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಪಕ್ಕನೋಟದ ಆಟಗಳ ಕ್ಯಾಮೆರಾಗಳನ್ನೆಲ್ಲ ವಿಂಗಡಿಸಿ ತೋರಿಸಿದರು. ಅವರು ಪ್ಲಾಟ್‌ಫಾರ್ಮ್ ಸ್ನ್ಯಾಪಿಂಗ್ ಎಂದು ಕರೆದ ಬಗೆಯಲ್ಲಿ ಪಾತ್ರ ಗಾಳಿಯಲ್ಲಿರುವಾಗ ಕ್ಯಾಮೆರಾ ಎತ್ತರ ಬದಲಿಸುವುದಿಲ್ಲ. ಹೊಸ ನೆಲದ ಮೇಲೆ ಕಾಲೂರಿದ ಮೇಲಷ್ಟೇ ಆ ಎತ್ತರಕ್ಕೆ ಮೆಲ್ಲಗೆ ಏರುತ್ತದೆ. ಬೀಳುತ್ತಿರುವ ಪಾತ್ರ ಪರದೆಯ ಕೆಳ ಅಂಚಿಗೆ ಬರುತ್ತಿದ್ದರೆ ಮಾತ್ರ ಈ ನಿಯಮ ಮುರಿದು ಕೂಡಲೇ ಹಿಂಬಾಲಿಸಬೇಕು.

ಪಾತ್ರ ಸತ್ತು ಬೇರೆಡೆ ಹುಟ್ಟಿದಾಗ ನಯವನ್ನು ಬದಿಗಿಟ್ಟು ಕ್ಯಾಮೆರಾವನ್ನು ನೇರವಾಗಿ ಅಲ್ಲಿಗೇ ಇಡಬೇಕು, ಮುನ್ನೋಟವನ್ನೂ ಸೊನ್ನೆ ಮಾಡಬೇಕು. ಇಲ್ಲವಾದರೆ ಕ್ಯಾಮೆರಾ ಇಡೀ ಹಂತವನ್ನು ಸರ್ರನೆ ದಾಟಿ ಓಡುತ್ತದೆ. ಹಂತದ ಕೊನೆಯ ಗೋಡೆ ಬಂದಾಗ ಅಂಚು ದಾಟದಂತೆ ತಡೆಯಬೇಕಾದದ್ದು ಗುರಿಯನ್ನು. ಕ್ಯಾಮೆರಾವನ್ನೇ ತಡೆದರೆ ಗೋಡೆಗೆ ಬಡಿದಂತೆ ಗಕ್ಕನೆ ನಿಲ್ಲುತ್ತದೆ, ಗುರಿಯನ್ನು ತಡೆದರೆ ತಾನೇ ನಿಧಾನಿಸಿ ನಿಲ್ಲುತ್ತದೆ.

ದೊಡ್ಡ ಪಿಕ್ಸೆಲ್‌ಗಳ ಹಳೆಯ ಶೈಲಿಯ ಚಿತ್ರಗಳನ್ನು ಬಳಸುವವರಿಗೆ ಇನ್ನೊಂದು ತೊಡಕಿದೆ. ಚಿತ್ರ ಸ್ಪಷ್ಟವಾಗಿರಲೆಂದು ಕ್ಯಾಮೆರಾದ ಜಾಗವನ್ನು ಪೂರ್ಣ ಪಿಕ್ಸೆಲ್‌ಗೆ ಹೊಂದಿಸುತ್ತಾರೆ. ಹೊಂದಿಸಿದ ಅಂಕಿಯನ್ನೇ ಮುಂದಿನ ಲೆಕ್ಕಕ್ಕೂ ಬಳಸಿದರೆ ಕ್ಯಾಮೆರಾ ಸಿಕ್ಕಿಹಾಕಿಕೊಳ್ಳುತ್ತದೆ. ಗುರಿ 4 ಪಿಕ್ಸೆಲ್ ದೂರವಿದ್ದಾಗ ಹತ್ತನೇ ಒಂದು ಪಾಲು 0.4, ಹತ್ತಿರದ ಪೂರ್ಣಾಂಕ ಸೊನ್ನೆ. ಕ್ಯಾಮೆರಾ ಅಲ್ಲಿಂದ ಮುಂದೆ ಕದಲುವುದೇ ಇಲ್ಲ. ದಶಮಾಂಶದ ನಿಜವಾದ ಜಾಗವನ್ನು ಬೇರೆಯಾಗಿ ಕಾಪಾಡಿಕೊಂಡು, ಬರೆಯುವ ಕ್ಷಣದಲ್ಲಿ ಮಾತ್ರ ಪೂರ್ಣಾಂಕ ಮಾಡಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಕಣ್ಣೊಂದನ್ನೇ ನಂಬಬಾರದು. ಪಾತ್ರ ಒಂದೇ ವೇಗದಲ್ಲಿ ಓಡುವಾಗ ಪ್ರತಿ ಫ್ರೇಮಿಗೆ ಎರಡು ಅಂಕಿ ಮುದ್ರಿಸಿ ನೋಡಿ: ಕ್ಯಾಮೆರಾ ಎಷ್ಟು ಸರಿಯಿತು, ಪಾತ್ರ ಪರದೆಯ ನಡುವಿನಿಂದ ಎಷ್ಟು ದೂರವಿದೆ. ಮೊದಲನೆಯದು 5ರ ಆಸುಪಾಸಿನಲ್ಲೇ ಇದ್ದು ಎರಡನೆಯದು ಅಲುಗದಿದ್ದರೆ ಕೆಲಸ ಸರಿಯಾಗಿದೆ. ಎರಡನೆಯದರಲ್ಲಿ ಆರು ಫ್ರೇಮಿಗೊಮ್ಮೆ ಏರಿಳಿತ ಮರುಕಳಿಸುತ್ತಿದ್ದರೆ ಇಂಟರ್‌ಪೊಲೇಷನ್ ಎಲ್ಲೋ ಮುರಿದಿದೆ. ನಂತರ `Application.targetFrameRate` ಅನ್ನು 30ಕ್ಕೆ ಇಳಿಸಿ ಮತ್ತೊಮ್ಮೆ ಓಡಿಸಿ. ಕಂಪ್ಯೂಟರಿನಲ್ಲಾದರೆ ಅದಕ್ಕೆ ಮೊದಲು `QualitySettings.vSyncCount` ಅನ್ನು 0 ಮಾಡಬೇಕು, ಇಲ್ಲದಿದ್ದರೆ ಎಂಜಿನ್ ಆ 30 ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.