ಮಂಗಳನ ಗಾಳಿ, ನೀರಿನ ಲೆಕ್ಕ

2021ರ ಫೆಬ್ರುವರಿಯಲ್ಲಿ ನಾಸಾದ ಪರ್ಸಿವರೆನ್ಸ್ ರೋವರ್ ಮಂಗಳ ಗ್ರಹದ ಜೆಝೆರೊ ಕುಳಿಯಲ್ಲಿ ಇಳಿಯಿತು. ಆ ಜಾಗವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಕುಳಿಯ ಪಶ್ಚಿಮ ಅಂಚಿನಲ್ಲಿ ಹಳೆಯ ನದಿಯೊಂದರ ಮುಖಜಭೂಮಿ ಇಂದಿಗೂ ಎದ್ದು ಕಾಣುತ್ತದೆ. ಸುಮಾರು 350 ಕೋಟಿ ವರ್ಷಗಳಿಗೂ ಹಿಂದೆ ಆ ನದಿ ಮಣ್ಣು ಮರಳನ್ನು ಹೊತ್ತು ತಂದು ಇಲ್ಲಿದ್ದ ಸರೋವರಕ್ಕೆ ಸುರಿದಿತ್ತು. ಇಂದು ಅದೇ ಜಾಗದಲ್ಲಿ ನೀರು ಚೆಲ್ಲಿದರೆ ಅದು ನಿಲ್ಲುವುದಿಲ್ಲ. ಒಂದಿಷ್ಟು ಆವಿಯಾಗಿ ಹೋಗುತ್ತದೆ, ಉಳಿದದ್ದು ಹೆಪ್ಪುಗಟ್ಟುತ್ತದೆ. ಮಂಗಳನ ವಾಯುಒತ್ತಡ ನಮ್ಮ ಭೂಮಿಯ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ತೆಳುವಾದ ಗಾಳಿಯ ಕೆಳಗೆ ನದಿ ಹರಿಯುವುದು ಸಾಧ್ಯವೇ ಇಲ್ಲ.

ಹಾಗಿದ್ದರೆ ಹಿಂದೆ ಅಲ್ಲಿ ದಟ್ಟವಾದ ವಾಯುಮಂಡಲ ಇದ್ದಿರಲೇಬೇಕು. ಅದು ಹೋಗಲು ಎರಡೇ ದಾರಿಗಳಿವೆ: ಒಂದು, ಮೇಲಕ್ಕೆ, ಬಾಹ್ಯಾಕಾಶಕ್ಕೆ, ಇನ್ನೊಂದು, ಕೆಳಕ್ಕೆ, ನೆಲದೊಳಗಿನ ಬಂಡೆಗೆ. ಯಾವ ದಾರಿಯಲ್ಲಿ ಎಷ್ಟು ಹೋಯಿತು? ಹೋದದ್ದನ್ನು ಯಾರೂ ಅಳೆಯಲಾರರು. ಆದರೆ ಉಳಿದದ್ದನ್ನು ಅಳೆದು ಹೋದದ್ದರ ಲೆಕ್ಕ ಹಾಕಬಹುದು. ಆ ಲೆಕ್ಕಕ್ಕೆ ಅತ್ಯಂತ ನಂಬಿಕಸ್ಥ ಸಾಕ್ಷಿಯಾಗಿ ಸಿಕ್ಕಿದ್ದು ಆರ್ಗಾನ್ ಎಂಬ ಅನಿಲ.

ಯಾರ ಜೊತೆಗೂ ಸೇರದ ಅನಿಲ

ಮಂಗಳನ ಗಾಳಿಯಲ್ಲಿ ಸುಮಾರು ಶೇಕಡ 95ರಷ್ಟು ಇಂಗಾಲದ ಡೈಆಕ್ಸೈಡ್ ಇದೆ. ಆರ್ಗಾನ್ ಇರುವುದು ಶೇಕಡ 2ರಷ್ಟು ಮಾತ್ರ. ಆದರೂ ವಿಜ್ಞಾನಿಗಳ ಕಣ್ಣು ಅದರ ಮೇಲೆ ಬಿದ್ದದ್ದು ಅದರ ಸ್ವಭಾವದಿಂದಾಗಿ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗುತ್ತದೆ, ಬಂಡೆಯೊಂದಿಗೆ ಸೇರಿ ಕಾರ್ಬೊನೇಟ್ ಆಗುತ್ತದೆ, ಧ್ರುವಗಳಲ್ಲಿ ಹಿಮವಾಗಿ ಬೀಳುತ್ತದೆ. ಅದು ಕಡಿಮೆಯಾಗಿದ್ದರೆ ಯಾವ ದಾರಿಯಲ್ಲಿ ಹೋಯಿತೆಂದು ಹೇಳುವುದು ಕಷ್ಟ. ಆರ್ಗಾನ್ ಹಾಗಲ್ಲ. ಅದು ಯಾವ ವಸ್ತುವಿನೊಂದಿಗೂ ರಾಸಾಯನಿಕವಾಗಿ ಸೇರುವುದಿಲ್ಲ, ನೆಲಕ್ಕೆ ಇಳಿದು ಬಂಡೆಯಾಗುವುದಿಲ್ಲ. ಅದು ಕಡಿಮೆಯಾಗಿದೆ ಎಂದರೆ ಬಾಹ್ಯಾಕಾಶಕ್ಕೇ ಹೋಗಿರಬೇಕು.

ಆರ್ಗಾನ್ ಪರಮಾಣುಗಳಲ್ಲಿ ತೂಕದ ವ್ಯತ್ಯಾಸವಿರುವ ಬಗೆಗಳಿವೆ. ಅವುಗಳಲ್ಲಿ ನಮಗೆ ಬೇಕಾದವು ಎರಡು: ಹಗುರಾದ ಆರ್ಗಾನ್-36 ಮತ್ತು ತುಸು ಭಾರವಾದ ಆರ್ಗಾನ್-38. ವಾಯುಮಂಡಲದ ಕೆಳಭಾಗದಲ್ಲಿ ಗಾಳಿ ಕಲಸಿಹೋಗುವುದರಿಂದ ಇವು ಒಂದೇ ಪ್ರಮಾಣದಲ್ಲಿ ಬೆರೆತಿರುತ್ತವೆ. ಬಹಳ ಎತ್ತರದಲ್ಲಿ, ಗಾಳಿ ತೀರಾ ವಿರಳವಾದಾಗ, ಕಲಸುವಿಕೆ ನಿಂತು ಹಗುರಾದದ್ದು ಹೆಚ್ಚು ಎತ್ತರಕ್ಕೆ ಏರುತ್ತದೆ. ಗ್ರಹವನ್ನು ಬಿಟ್ಟು ಹೋಗುವ ಅನಿಲ ಹೋಗುವುದು ಆ ಮೇಲಿನ ಪದರದಿಂದಲೇ. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಗಾಳಿಗೆ ಹಾರಿ ಕಾಳು ಉಳಿಯುವಂತೆ, ಕೋಟ್ಯಂತರ ವರ್ಷಗಳಲ್ಲಿ ಹಗುರಾದದ್ದು ಹೆಚ್ಚು ಹೋಗಿ ಭಾರವಾದದ್ದರ ಪಾಲು ಏರುತ್ತದೆ.

ಸೂರ್ಯನಲ್ಲಿ ಒಂದು ಆರ್ಗಾನ್-38ಕ್ಕೆ ಸುಮಾರು 5.5 ಆರ್ಗಾನ್-36 ಇವೆ. ಸೂರ್ಯ, ಗ್ರಹಗಳೆಲ್ಲ ಒಂದೇ ಮೂಲವಸ್ತುವಿನಿಂದ ಆದವು. ಆದ್ದರಿಂದ ಮಂಗಳನಲ್ಲಿಯೂ ಮೊದಲು ಹೆಚ್ಚುಕಡಿಮೆ ಅದೇ ಪ್ರಮಾಣ ಇತ್ತೆಂದು ತಿಳಿಯಬಹುದು. ಗೇಲ್ ಕುಳಿಯಲ್ಲಿರುವ ಕ್ಯೂರಿಯಾಸಿಟಿ ರೋವರ್ ಅಲ್ಲಿನ ಗಾಳಿಯನ್ನು ಅಳೆದಾಗ ಸಿಕ್ಕಿದ್ದು ಸುಮಾರು 4.2. ಅಂದರೆ ಭಾರದ್ದಕ್ಕೆ ಹೋಲಿಸಿದರೆ ಹಗುರಾದದ್ದು ಕಾಲುಭಾಗದಷ್ಟು ಕಡಿಮೆ. ಭಾರದ್ದು ಒಂದಿಷ್ಟೂ ಹೋಗಲಿಲ್ಲ ಎಂದಾದರೆ ಕಾಲುಭಾಗ ಹೋಗಿದ್ದರೆ ಸಾಕು, ಲೆಕ್ಕ ಸರಿಹೊಂದುತ್ತದೆ. ಆದರೆ ಭಾರದ್ದೂ ಹೋಗಿದೆ, ಸ್ವಲ್ಪ ನಿಧಾನವಾಗಿ. ಹಾಗಾಗಿ ನಿಜವಾದ ನಷ್ಟ ಕಾಲುಭಾಗಕ್ಕಿಂತ ಬಹಳ ದೊಡ್ಡದು. ಎಷ್ಟು ದೊಡ್ಡದು ಎಂದು ತಿಳಿಯಲು, ಅನಿಲ ಹೊರಹೋಗುವ ಎತ್ತರದಲ್ಲಿ ಎರಡೂ ಬಗೆಗಳು ಯಾವ ಪ್ರಮಾಣದಲ್ಲಿವೆ ಎಂಬುದನ್ನು ಅಲ್ಲಿಗೇ ಹೋಗಿ ಅಳೆಯಬೇಕು.

2014ರ ಸೆಪ್ಟೆಂಬರ್‌ನಲ್ಲಿ ಮಂಗಳನ ಕಕ್ಷೆ ಸೇರಿದ ನಾಸಾದ ಮೇವೆನ್ ನೌಕೆ ಮಾಡಿದ್ದು ಇದನ್ನೇ. ಅದು ಪ್ರತಿ ಸುತ್ತಿನಲ್ಲಿ ಸುಮಾರು 150 ಕಿಲೋಮೀಟರ್ ಎತ್ತರದವರೆಗೆ ಇಳಿದು, ಮೇಲ್ಪದರದ ಅನಿಲವನ್ನು ನೇರವಾಗಿ ಅಳೆಯಿತು. ಕೊಲರಾಡೊ ವಿಶ್ವವಿದ್ಯಾಲಯದ ಬ್ರೂಸ್ ಜಕೋಸ್ಕಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಉತ್ತರ: ಮಂಗಳನ ವಾಯುಮಂಡಲದಲ್ಲಿದ್ದ ಆರ್ಗಾನ್‌ನ ಸುಮಾರು ಮೂರನೇ ಎರಡು ಭಾಗ ಬಾಹ್ಯಾಕಾಶಕ್ಕೆ ಹೋಗಿದೆ. ಆರ್ಗಾನನ್ನು ಹೊರಹಾಕಿದ ಬಲವೇ ಇಂಗಾಲದ ಡೈಆಕ್ಸೈಡನ್ನೂ ಹೊರಹಾಕಿರಬೇಕು. ಅದನ್ನು ಲೆಕ್ಕಕ್ಕೆ ತಂದರೆ, ಇಂದಿನ ಭೂಮಿಯ ವಾಯುಒತ್ತಡದ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಒತ್ತಡ ಕೊಡಬಲ್ಲಷ್ಟು ಅನಿಲ ಮಂಗಳನನ್ನು ಬಿಟ್ಟುಹೋಗಿದೆ.

ಮೇವೆನ್ ತಲುಪಿದ ಎರಡೇ ದಿನಕ್ಕೆ, ಸೆಪ್ಟೆಂಬರ್ 24ರಂದು, ಇಸ್ರೊದ ಮಂಗಳಯಾನವೂ ಕಕ್ಷೆ ಸೇರಿತು. ಅದರ ನಿಯಂತ್ರಣ ನಡೆದದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರ್ಯಾಕ್ ಕೇಂದ್ರದಿಂದ. ಅದರಲ್ಲಿದ್ದ ಮೆನ್ಕಾ ಎಂಬ ಉಪಕರಣ, ಮಂಗಳನ ವಾಯುಮಂಡಲದ ಹೊರ ಅಂಚಿನಲ್ಲಿ ನಿರೀಕ್ಷೆಗಿಂತ ಹೆಚ್ಚು ಬಿಸಿಯಾದ, ಅಂದರೆ ಹೆಚ್ಚು ವೇಗವಾಗಿ ಚಲಿಸುವ ಆರ್ಗಾನ್ ಇರುವುದನ್ನು ಗುರುತಿಸಿತು. ಮೇಲಿನ ಪದರದಲ್ಲಿ ಯಾವುದೋ ಶಕ್ತಿ ಪರಮಾಣುಗಳನ್ನು ದೂಡುತ್ತಿದೆ ಎಂಬುದಕ್ಕೆ ಅದೂ ಒಂದು ಪುರಾವೆ.

ಹೊರದೂಡುವ ಬಲ

ಆರ್ಗಾನ್‌ನಂಥ ಭಾರದ ಪರಮಾಣು ತಾನಾಗಿಯೇ ಗ್ರಹವನ್ನು ಬಿಟ್ಟು ಹೋಗಲಾರದು. ಅದಕ್ಕೆ ಯಾವುದಾದರೂ ಬಡಿಯಬೇಕು. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹೊರಡುವ ಸೌರಮಾರುತ ತನ್ನೊಂದಿಗೆ ಕಾಂತಕ್ಷೇತ್ರವನ್ನೂ ಒಯ್ಯುತ್ತದೆ. ಮಂಗಳನ ಮೇಲ್ಪದರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಬಿದ್ದು ಕೆಲವು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಹಾಗಾದೊಡನೆ ಸೌರಮಾರುತದ ಕ್ಷೇತ್ರ ಅವುಗಳನ್ನು ಎಳೆದುಕೊಳ್ಳುತ್ತದೆ. ಕೆಲವು ಅಯಾನುಗಳು ಹಾಗೆಯೇ ದೂರ ಹೋಗಿಬಿಡುತ್ತವೆ. ಇನ್ನು ಕೆಲವು ವೇಗ ಪಡೆದು ತಿರುಗಿ ವಾಯುಮಂಡಲಕ್ಕೇ ಬಂದು ಅಪ್ಪಳಿಸಿ, ಅಲ್ಲಿದ್ದ ಪರಮಾಣುಗಳನ್ನು ಹೊರಕ್ಕೆ ಚಿಮ್ಮಿಸುತ್ತವೆ. ಈ ಅಪ್ಪಳಿಕೆ ನಡೆಯುತ್ತಿರುವುದರ ನೇರ ಗುರುತನ್ನು, ಆರ್ಗಾನ್ ಮೂಲಕವೇ, ಮೇವೆನ್ ತಂಡ 2025ರಲ್ಲಿ ಪ್ರಕಟಿಸಿತು.

ಮಂಗಳನಿಗೆ ಹಿಂದೆ ತನ್ನದೇ ಕಾಂತಕ್ಷೇತ್ರ ಇತ್ತು. 1997ರಲ್ಲಿ ಅಲ್ಲಿಗೆ ತಲುಪಿದ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ದಕ್ಷಿಣಾರ್ಧದ ಹಳೆಯ ಬಂಡೆಗಳಲ್ಲಿ ಅದರ ಕುರುಹನ್ನು ಕಂಡಿತು. ಒಳಭಾಗದ ಕಬ್ಬಿಣದ ದ್ರವ ತಿರುಗುವುದು ನಿಂತು, ಸುಮಾರು 400 ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ ಆ ಕ್ಷೇತ್ರ ಅಳಿಯಿತು. ಕಾಂತಕ್ಷೇತ್ರ ಹೋದದ್ದರಿಂದಲೇ ಗಾಳಿಯೂ ಹೋಯಿತು ಎಂದು ಹೇಳುವುದು ವಾಡಿಕೆ. ಆದರೆ ಶುಕ್ರ ಗ್ರಹಕ್ಕೂ ಅಂಥ ಕಾಂತಕ್ಷೇತ್ರವಿಲ್ಲ. ಆದರೂ ಅದರ ವಾಯುಒತ್ತಡ ಭೂಮಿಯ ಸುಮಾರು 90 ಪಟ್ಟು.

ಆದ್ದರಿಂದ ಹೆಚ್ಚು ಮೂಲದ ಕಾರಣ ಮಂಗಳನ ಗಾತ್ರ. ಅದರ ರಾಶಿ ಭೂಮಿಯ ಸುಮಾರು ಹತ್ತನೇ ಒಂದು ಭಾಗ. ಭೂಮಿಯನ್ನು ಬಿಟ್ಟು ಹೋಗಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಮಂಗಳನಿಂದ 5 ಕಿಲೋಮೀಟರ್ ಸಾಕು. ಈ ವ್ಯತ್ಯಾಸದ ಪರಿಣಾಮ ದೊಡ್ಡದು. ಮೇಲ್ಪದರದಲ್ಲಿ ಆಮ್ಲಜನಕದ ಅಣುವೊಂದು ಅಯಾನಾಗಿ, ಮತ್ತೆ ಎಲೆಕ್ಟ್ರಾನ್ ಒಂದನ್ನು ಸೇರಿಸಿಕೊಂಡಾಗ ಎರಡಾಗಿ ಒಡೆದು, ಎರಡೂ ಪರಮಾಣುಗಳು ರಭಸದಿಂದ ಹಾರುತ್ತವೆ. ಆ ವೇಗ ಮಂಗಳನನ್ನು ದಾಟಲು ಸಾಕಾಗುತ್ತದೆ, ಭೂಮಿ ಅಥವಾ ಶುಕ್ರನನ್ನು ದಾಟಲು ಸಾಕಾಗುವುದಿಲ್ಲ. ಒಂದೇ ಕ್ರಿಯೆ ಮೂರು ಗ್ರಹಗಳಲ್ಲಿ ನಡೆದರೂ ಗಾಳಿ ಕಳೆದುಕೊಳ್ಳುವುದು ಚಿಕ್ಕದು ಮಾತ್ರ.

ಇಂದು ಮಂಗಳನಿಂದ ಸೆಕೆಂಡಿಗೆ 2ರಿಂದ 3 ಕಿಲೋಗ್ರಾಂ ಅನಿಲ ಹೋಗುತ್ತಿದೆ ಎಂದು ಮೇವೆನ್ ಅಳತೆಗಳು ಹೇಳುತ್ತವೆ. ಇದೇ ದರದಲ್ಲಿ 400 ಕೋಟಿ ವರ್ಷ ಹೋಗಿದ್ದರೆ, ಒಟ್ಟು ನಷ್ಟ ಈಗಿರುವ ವಾಯುಮಂಡಲದ ಹತ್ತರಿಂದ ಹದಿನೈದು ಪಟ್ಟು ಮಾತ್ರ. ನದಿಗಳ ಕಾಲದ ದಟ್ಟ ಗಾಳಿಗೆ ಅದು ಏನೇನೂ ಸಾಲದು. ಹಾಗಾಗಿ ಹಿಂದೆ ಸೋರಿಕೆಯ ವೇಗ ಹೆಚ್ಚಾಗಿದ್ದಿರಬೇಕು. ಅದಕ್ಕೆ ಕಾರಣ ಎಳೆಯ ಸೂರ್ಯ. ಸೂರ್ಯನಂಥ ಎಳೆಯ ನಕ್ಷತ್ರಗಳನ್ನು ನೋಡಿದರೆ, ಅವುಗಳ ಅತಿನೇರಳೆ ಕಿರಣ ಇಂದಿನ ಸೂರ್ಯನದಕ್ಕಿಂತ ಎಷ್ಟೋ ಪಟ್ಟು ತೀವ್ರ. 2015ರ ಮಾರ್ಚ್‌ನಲ್ಲಿ ಸೌರಬಿರುಗಾಳಿಯೊಂದು ಮಂಗಳಕ್ಕೆ ಬಡಿದಾಗ ಅಯಾನುಗಳ ಸೋರಿಕೆ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು ಏರಿದ್ದನ್ನು ಮೇವೆನ್ ಕಂಡಿತು. ಮೊದಲ ದಿನಗಳಲ್ಲಿ ಅಂಥ ಬಿರುಗಾಳಿಗಳು ಅಪರೂಪವಾಗಿರಲಿಲ್ಲ.

ನೀರು ಹೋದ ಎರಡು ದಾರಿ

ಗಾಳಿ ತೆಳುವಾದಂತೆ ಮಂಗಳ ತಣ್ಣಗಾಯಿತು, ನೀರು ಮೇಲ್ಮೈಯಲ್ಲಿ ದ್ರವವಾಗಿ ನಿಲ್ಲದಾಯಿತು. ಆವಿಯಾಗಿ ಮೇಲೇರಿದ ನೀರಿನ ಅಣುವನ್ನು ಸೂರ್ಯನ ಕಿರಣ ಒಡೆಯುತ್ತದೆ. ಅದರಲ್ಲಿನ ಜಲಜನಕ ಎಲ್ಲಕ್ಕಿಂತ ಹಗುರಾದದ್ದರಿಂದ ತನ್ನ ಉಷ್ಣದ ಚಲನೆಯಿಂದಲೇ ತಪ್ಪಿಸಿಕೊಳ್ಳುತ್ತದೆ. ಮಂಗಳ ಸೂರ್ಯನಿಗೆ ಹತ್ತಿರ ಬರುವ ದಕ್ಷಿಣದ ಬೇಸಿಗೆಯಲ್ಲಿ ಧೂಳಿನ ಬಿರುಗಾಳಿಗಳು ಎದ್ದು, ಆವಿಯನ್ನು ಇನ್ನೂ ಎತ್ತರಕ್ಕೆ ಒಯ್ಯುತ್ತವೆ. ಆ ಕಾಲದಲ್ಲಿ ಜಲಜನಕದ ಸೋರಿಕೆ ವರ್ಷದ ಉಳಿದ ಕಾಲಕ್ಕಿಂತ ಹತ್ತು ಪಟ್ಟಿನವರೆಗೂ ಏರುತ್ತದೆ.

ಇಲ್ಲಿಯೂ ಆರ್ಗಾನ್‌ನಂಥದೇ ಲೆಕ್ಕವಿದೆ. ಭೂಮಿಯ ನೀರಿನಲ್ಲಿ ಸುಮಾರು 6,400 ಜಲಜನಕ ಪರಮಾಣುಗಳಿಗೆ ಒಂದು ಡ್ಯುಟೀರಿಯಂ, ಅಂದರೆ ಎರಡು ಪಟ್ಟು ಭಾರದ ಜಲಜನಕ, ಸಿಗುತ್ತದೆ. ಮಂಗಳನ ಗಾಳಿಯ ತೇವದಲ್ಲಿ ಇದರ ಪಾಲು ಭೂಮಿಯ ಐದಾರು ಪಟ್ಟು. ಡ್ಯುಟೀರಿಯಂ ಒಂದೂ ಹೋಗಿಲ್ಲ ಎಂದುಕೊಂಡರೂ ಐದರಲ್ಲಿ ನಾಲ್ಕು ಪಾಲು ನೀರು ಹೋಗಿರಬೇಕು. 2015ರಲ್ಲಿ ದೂರದರ್ಶಕಗಳಿಂದ ಈ ಅಳತೆ ಮಾಡಿದ ನಾಸಾ ವಿಜ್ಞಾನಿಗಳು, ಗ್ರಹದ ಮೇಲೆಲ್ಲ ಸಮನಾಗಿ ಹರಡಿದರೆ ಸುಮಾರು 137 ಮೀಟರ್ ಆಳ ನಿಲ್ಲುವಷ್ಟು ನೀರು ಮೊದಲಿಗೆ ಇತ್ತೆಂದು ಅಂದಾಜಿಸಿದರು.

ಆದರೆ ನೀರೆಲ್ಲ ಮೇಲಕ್ಕೇ ಹೋಗಲಿಲ್ಲ. ಕ್ಯಾಲ್ಟೆಕ್‌ನ ಸಂಶೋಧಕರು 2021ರಲ್ಲಿ ತೋರಿಸಿದಂತೆ, ಮೊದಲಿನ ನೀರಿನ ಶೇಕಡ 30ರಿಂದ 99ರವರೆಗಿನ ಪಾಲು ಜೇಡಿಮಣ್ಣಿನಂಥ ಖನಿಜಗಳ ಅಣುರಚನೆಯೊಳಗೆ ಸೇರಿಹೋಗಿರಬಹುದು. ಅಂದಾಜಿನ ಹರವು ಇಷ್ಟು ಅಗಲವಿರುವುದಕ್ಕೆ ಕಾರಣ, ಬಂಡೆಗೆ ಸೇರುವಾಗ ನೀರು ಡ್ಯುಟೀರಿಯಂ ಪ್ರಮಾಣದಲ್ಲಿ ಹೆಚ್ಚು ಗುರುತು ಬಿಡುವುದಿಲ್ಲ. ಭೂಮಿಯಲ್ಲಿಯೂ ಬಂಡೆಗಳು ನೀರನ್ನು ಹೀರುತ್ತವೆ, ಆದರೆ ಭೂಫಲಕಗಳು ಒಳಗೆ ಜಾರಿ, ಜ್ವಾಲಾಮುಖಿಗಳ ಮೂಲಕ ಆ ನೀರು ಮರಳಿ ಬರುತ್ತದೆ. ಮಂಗಳನಲ್ಲಿ ಅಂಥ ಚಕ್ರವಿಲ್ಲ; ಒಳಗೆ ಹೋದದ್ದು ಒಳಗೇ ಉಳಿಯಿತು. ಇಂಗಾಲದ ಡೈಆಕ್ಸೈಡಿನ ಒಂದು ಪಾಲಿಗೂ ಹೀಗೇ ಆಯಿತು. ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ಕೊರೆದ ಕೆಲವು ಬಂಡೆಗಳಲ್ಲಿ ಶೇಕಡ 5ರಿಂದ 10ರಷ್ಟು ಸಿಡರೈಟ್ ಎಂಬ ಕಬ್ಬಿಣದ ಕಾರ್ಬೊನೇಟ್ ಸಿಕ್ಕಿದ್ದನ್ನು 2025ರಲ್ಲಿ ಪ್ರಕಟಿಸಲಾಯಿತು.

ಈ ಲೆಕ್ಕ ಮುಂದಿನ ಒಂದು ಕನಸಿಗೂ ಉತ್ತರ ಕೊಡುತ್ತದೆ. ಮಂಗಳನ ಹಿಮ ಕರಗಿಸಿ, ಮಣ್ಣಿನ ಅನಿಲ ಹೊರತೆಗೆದು, ಮತ್ತೆ ದಟ್ಟ ಗಾಳಿ ಕಟ್ಟಿ ಅದನ್ನು ವಾಸಯೋಗ್ಯ ಮಾಡಬಹುದೆಂದು ನಂಬುವವರಿದ್ದಾರೆ. ಜಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ 2018ರಲ್ಲಿ ಉಳಿದ ದಾಸ್ತಾನನ್ನೆಲ್ಲ ಕೂಡಿಸಿ ನೋಡಿದರು. ಧ್ರುವಗಳ ಇಂಗಾಲದ ಡೈಆಕ್ಸೈಡನ್ನೆಲ್ಲ ಆವಿ ಮಾಡಿದರೂ ಒತ್ತಡ ಈಗಿನದರ ಎರಡು ಪಟ್ಟಾಗುತ್ತದೆ, ಅಂದರೆ ಭೂಮಿಯ ಶೇಕಡ 1.2ರಷ್ಟು. ನೀರು ಹರಿಯುವಷ್ಟು ಬೆಚ್ಚಗಾಗಲು ಅದು ಸಾಲುವುದಿಲ್ಲ. ಬೇಕಾದ ಅನಿಲದ ದೊಡ್ಡ ಪಾಲು ಮಂಗಳನಲ್ಲಿ ಈಗ ಎಲ್ಲಿಯೂ ಇಲ್ಲ. ಅದು ಸೌರಮಾರುತದೊಂದಿಗೆ ಹೋಗಿ ಕೋಟ್ಯಂತರ ವರ್ಷಗಳಾಗಿವೆ.